‘ನಾನು ಸಭ್ಯ, ಆದ್ದರಿಂದ ಎಫ್‌ಐಆರ್ ರದ್ದು ಮಾಡಿ’

ನಮ್ಮಲ್ಲಿ ಕೊಟ್ಟ ದುಡ್ಡು ವಾಪಸ್ ಬರಿಸಲು ಎರಡು ದಾರಿ. ಒಂದು ಸಿವಿಲ್ ಕೋರ್ಟು. ಅಲ್ಲಿ ಶುಲ್ಕ ಕಟ್ಟಬೇಕು, ದಾವೆ ಹೂಡಬೇಕು, ಸಾಯುವಾಗ ಮಕ್ಕಳಿಗೆ ಮುಂದಿನ ತಾರೀಖು ಹೇಳಿಹೋಗಬೇಕು. ಇನ್ನೊಂದು ಪೊಲೀಸ್ ಠಾಣೆ. ಅಲ್ಲಿ ಬಿಳಿ ಹಾಳೆ, ಒಂದು ಪೆನ್ನು, ‘ಮೋಸ’ ಎಂಬ ಎರಡಕ್ಷರ ಇದ್ದರಾಯಿತು. ವಸೂಲಿ ಇಲಾಖೆ ಎಂಬ ಬೋರ್ಡು ಯಾವ ಠಾಣೆಯ ಮುಂದೂ ಇಲ್ಲ, ನಿಜ. ಆದರೆ ಜನ ಬೋರ್ಡು ಓದಿಕೊಂಡು ಹೋಗುವುದಿಲ್ಲವಲ್ಲ!

ಹೀಗೆ ಎಫ್‌ಐಆರ್ ಆದವರು ಓಡುವುದು ಹೈಕೋರ್ಟಿಗೆ, ಅದನ್ನು ರದ್ದು ಮಾಡಿಸಲು. ಮೊದಲು ಇದಕ್ಕೆ ಸಿಆರ್‌ಪಿಸಿ 482 ಎನ್ನುತ್ತಿದ್ದೆವು. 2024ರ ಜುಲೈ 1ರಿಂದ ಅದು ಬಿಎನ್‌ಎಸ್‌ಎಸ್ 528.

ಒಂದು ಪ್ರಕರಣ ಕಲ್ಪಿಸಿಕೊಳ್ಳಿ. 2022ರ ಮಾರ್ಚ್‌ನಲ್ಲಿ ತುಮಕೂರಿನ ಸೈಟೊಂದಕ್ಕೆ ನಲವತ್ತು ಲಕ್ಷಕ್ಕೆ ಕರಾರು. ಹತ್ತು ಲಕ್ಷ ಮುಂಗಡ, ಆರು ತಿಂಗಳಲ್ಲಿ ನೋಂದಣಿ. ಅಷ್ಟರಲ್ಲಿ ಸೈಟಿನ ಬೆಲೆ ಏರಿತು, ಮಾರುವವರ ನೆನಪಿನ ಶಕ್ತಿ ಇಳಿಯಿತು. ಕೊಳ್ಳುವವರು ದಾವೆಯ ಗೋಜಿಗೆ ಹೋಗದೆ 2024ರ ಆಗಸ್ಟ್‌ನಲ್ಲಿ ಠಾಣೆ ಹತ್ತಿದರು. ಕೃತ್ಯ ಹಳೆಯದಾದ್ದರಿಂದ ಐಪಿಸಿ 420 ಮತ್ತು 406. ರದ್ದತಿಯ ಅರ್ಜಿ ಮಾತ್ರ ಹೊಸ 528ರ ಕೆಳಗೆ.

ಅರ್ಜಿ ತೆರೆದು ನೋಡಿ. ‘ಅರ್ಜಿದಾರರು ಗೌರವಸ್ಥ ಕುಟುಂಬದವರು, ಸಮಾಜದಲ್ಲಿ ಆಳವಾಗಿ ಬೇರುಬಿಟ್ಟವರು.’ ಸ್ವಾಮಿ, ಅದು ಜಾಮೀನು ಅರ್ಜಿಯ ಮಂತ್ರ. ಆಮೇಲೆ ಭಜನ್ ಲಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪಟ್ಟಿ ಮಾಡಿದ ಏಳೂ ಸಂದರ್ಭಗಳನ್ನು ಸಾಲಾಗಿ ಅಂಟಿಸಿರುತ್ತಾರೆ, ಯಾವುದಾದರೂ ಒಂದು ತಾಗಲಿ ಎಂದು. ಏಳನೆಯದಾದ ದ್ವೇಷದ ಮೇಲೆ ಎಲ್ಲರಿಗೂ ವಿಶೇಷ ಪ್ರೀತಿ. ದೂರುದಾರನಿಗೆ ನಿಮ್ಮ ಮೇಲೆ ದ್ವೇಷವಿದೆಯಂತೆ! ಹತ್ತು ಲಕ್ಷ ಕೊಟ್ಟವನು ಆರತಿ ಎತ್ತಬೇಕಿತ್ತೇ? ದೂರಿನಲ್ಲಿ ಅಪರಾಧ ಕಾಣುತ್ತಿದ್ದರೆ ಬರೀ ದ್ವೇಷದಿಂದ ಅದು ಅಳಿಸಿಹೋಗುವುದಿಲ್ಲ.

ಹೈಕೋರ್ಟು ಇಲ್ಲಿ ನೀವು ಸಭ್ಯರೋ ಅಲ್ಲವೋ ಎಂದು ನೋಡುವುದಿಲ್ಲ. ದೂರಿನ ಪ್ರತಿ ಅಕ್ಷರವೂ ನಿಜ ಎಂದು ಒಪ್ಪಿಕೊಂಡೇ ಓದುತ್ತದೆ. ಹಾಗೆ ಓದಿದರೂ ಅಪರಾಧ ಆಗುತ್ತದೆಯೇ ಎಂದು ಕೇಳುತ್ತದೆ. 420ಕ್ಕೆ ಬೇಕಾದದ್ದು ಕರಾರಿಗೆ ಸಹಿ ಹಾಕುವ ಹೊತ್ತಿಗೇ ವಂಚಿಸುವ ಉದ್ದೇಶ. ‘ಆರು ತಿಂಗಳಾದ ಮೇಲೆ ಫೋನ್ ಎತ್ತಲಿಲ್ಲ’ ಎಂದಷ್ಟೇ ದೂರಿನಲ್ಲಿದ್ದರೆ ಅದು ಕರಾರು ಮುರಿದದ್ದು, ವಂಚನೆಯಲ್ಲ. 406ಕ್ಕೆ ನಂಬಿ ಒಪ್ಪಿಸಿದ ಸ್ವತ್ತು ಬೇಕು. ಬೆಲೆಯ ಭಾಗವಾಗಿ ಕೊಟ್ಟ ಮುಂಗಡ ಅಂಥದ್ದಲ್ಲ. ಮೇಲಾಗಿ ಒಂದೇ ಸಂಗತಿ ವಂಚನೆಯೂ ನಂಬಿಕೆದ್ರೋಹವೂ ಆಗಲಾರದು ಎಂದು ದೆಹಲಿ ರೇಸ್ ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರಲ್ಲಿ ಬಿಡಿಸಿ ಹೇಳಿತು. ಠಾಣೆಗಳಲ್ಲಿ ಇವೆರಡೂ ಇಂದಿಗೂ ಜೋಡೆತ್ತು. ಅರ್ಜಿಗೆ ಇಷ್ಟು ಸಾಕು, ಎರಡೇ ಪುಟ. ಕುಟುಂಬದ ಗೌರವ ಬೇಡ.

ಈಗ ಅದೇ ಕಥೆಗೆ ಒಂದು ಇ.ಸಿ. ಸೇರಿಸಿ. ಕೊಳ್ಳುವವರು ಅದನ್ನು ದೂರಿಗೆ ಲಗತ್ತಿಸಿದ್ದಾರೆ. ಅದರ ಮೂರನೆಯ ಸಾಲಿನಲ್ಲಿ, ಸೈಟನ್ನು 2022ರ ಜನವರಿಯಲ್ಲೇ ಬೇರೊಬ್ಬರಿಗೆ ನೋಂದಾಯಿತ ಕ್ರಯಪತ್ರ ಮಾಡಿಕೊಟ್ಟದ್ದು ಕಾಣುತ್ತದೆ. ಅಂದರೆ ಮಾರ್ಚ್‌ನಲ್ಲಿ ಮಾರಿದ್ದು ತನ್ನದಲ್ಲದ ಸೈಟು. ಆಗ ‘ಇದು ಸಿವಿಲ್ ವ್ಯಾಜ್ಯ’ ಎಂಬ ವಾದ ಅಲ್ಲೇ ಕುಸಿಯುತ್ತದೆ. ಒಂದೇ ಸಂಗತಿಗೆ ಸಿವಿಲ್ ದಾವೆಯೂ ಕ್ರಿಮಿನಲ್ ಕೇಸೂ ಜೊತೆಗೇ ನಡೆಯಬಹುದು. ‘ಆ ಕ್ರಯಪತ್ರ ಬರೀ ಸಾಲದ ಭದ್ರತೆಗೆ ಮಾಡಿದ್ದು’ ಎಂಬ ನಿಮ್ಮ ವಿವರಣೆ ಸತ್ಯವೇ ಇರಬಹುದು. ಅದನ್ನು ವಿಚಾರಣೆಯಲ್ಲಿ ಸಾಬೀತು ಮಾಡಬೇಕು. ಆರೋಪಿಯ ದಾಖಲೆಯನ್ನು ಹೈಕೋರ್ಟು ಈ ಹಂತದಲ್ಲಿ ನೋಡುವುದು ಅದು ಯಾರೂ ಅಲ್ಲಗಳೆಯಲಾಗದಷ್ಟು ಗಟ್ಟಿಯಾಗಿದ್ದರೆ ಮಾತ್ರ.

ಆದರೂ ಕಕ್ಷಿದಾರರಿಗೆ ಬೇಕಾದದ್ದು ರದ್ದತಿಗಿಂತ ‘ಸ್ಟೇ’. ಅರ್ಜಿ ವರ್ಷಗಟ್ಟಲೆ ಮಲಗಿದರೂ ಚಿಂತೆಯಿಲ್ಲ, ಪೊಲೀಸರು ಮನೆಗೆ ಬರಬಾರದು. ಈ ಸುಖನಿದ್ರೆಗೆ ನೀಹಾರಿಕಾ ತೀರ್ಪು 2021ರಲ್ಲಿ ತಣ್ಣೀರೆರಚಿತು: ತನಿಖೆ ನಡೆಯುತ್ತಿರುವಾಗ ‘ಬಲವಂತದ ಕ್ರಮ ಬೇಡ’ ಎಂಬ ಆದೇಶವನ್ನು ಕಾರಣ ಬರೆಯದೆ ಕೊಡುವಂತಿಲ್ಲ.

ಇಷ್ಟರಲ್ಲಿ ಮಾರುವವರು ಹತ್ತು ಲಕ್ಷ ಬಡ್ಡಿಸಮೇತ ಹಿಂತಿರುಗಿಸುತ್ತಾರೆ ಎನ್ನಿ. ಇಬ್ಬರೂ ಜಂಟಿ ಮೆಮೊ ಸಲ್ಲಿಸುತ್ತಾರೆ; ಇಂಥ ಹಣಕಾಸಿನ ವ್ಯಾಜ್ಯದಲ್ಲಿ ರಾಜಿಯ ಮೇಲೆ ರದ್ದು ಮಾಡಲು ಗ್ಯಾನ್ ಸಿಂಗ್ ತೀರ್ಪು ದಾರಿ ಕೊಟ್ಟಿದೆ. ಡಿಡಿ ಕೈಸೇರಿದ ದಿನವೇ ಮೋಸವೂ ಮಾಯ, ಮೋಸಗಾರನೂ ಮಾಯ. ಠಾಣೆ ಯಾವ ಇಲಾಖೆಯ ಕೆಲಸ ಮಾಡಿತು ಎಂದು ಆಗ ಯಾರೂ ಕೇಳುವುದಿಲ್ಲ.

ರಾಜಿಯೂ ಆಗದೆ ಅರ್ಜಿ ವಜಾ ಆದರೆ ನೀವು ತಪ್ಪಿತಸ್ಥರು ಎಂದೇನೂ ಅರ್ಥವಲ್ಲ. ದೋಷಾರೋಪ ಪಟ್ಟಿ ಬಂದ ಮೇಲೆ ಮ್ಯಾಜಿಸ್ಟ್ರೇಟರ ಮುಂದೆ ಬಿಡುಗಡೆ ಕೋರಲು ಬಿಎನ್‌ಎಸ್‌ಎಸ್ 262 ಇದೆ. ದಾಖಲೆಗಳ ಪ್ರತಿ ಕೈಗೆ ಬಂದ 60 ದಿನಗಳೊಳಗೆ ಆ ಅರ್ಜಿ ಹಾಕಬೇಕು.