ರಿಟೇನರ್ ರಾಯರ ತಿಂಗಳ ಲೆಕ್ಕ

ಮುಂಬಯಿಯ ಸಯನ್‌ನಲ್ಲಿ ನಿವೃತ್ತಿಯ ನಂತರ ಕನ್ಸಲ್ಟೆಂಟ್ ಆದವರ ಒಂದು ತಳಿಯಿದೆ. ನಮ್ಮ ಅನುಕೂಲಕ್ಕೆ ಅವರನ್ನು ರಾಯರು ಎನ್ನೋಣ. ಹೋಟೆಲಿನ ಶೆಟ್ಟರಿಗೆ ಆಹಾರ ಪರವಾನಗಿ, ಮುನಿಸಿಪಾಲಿಟಿಯ ನೋಟೀಸು, ಜಿಎಸ್‌ಟಿ ಇವೆಲ್ಲ ನೋಡಿಕೊಡಲು ತಿಂಗಳಿಗೆ 20 ಗಂಟೆ, ಅದಕ್ಕೆ ನಿಗದಿತ 50,000 ರೂಪಾಯಿ, ಮೀರಿದರೆ ಗಂಟೆಗೆ 3,000 ಎಂದು ಕರಾರು. ಪ್ರತಿ ತಿಂಗಳು ಒಂದನೇ ತಾರೀಕು ಬೆಳಿಗ್ಗೆ ಅವರ ಇ-ಮೇಲ್ ಬರುತ್ತದೆ. ಹಣದ ಮಾತು ಅದರಲ್ಲಿ ಒಂದೇ ಸಾಲು, 50,000ಕ್ಕೆ ಶೇ. 18 ಜಿಎಸ್‌ಟಿ 9,000 ಸೇರಿ 59,000, ಟಿಡಿಎಸ್ ಹಿಡಿಯುವುದಿದ್ದರೆ ಜಿಎಸ್‌ಟಿ ಬಿಟ್ಟ ಮೊತ್ತದ ಮೇಲೆ ಶೇ. 10, ಅಂದರೆ 5,000 ಕಳೆದು ಬ್ಯಾಂಕಿಗೆ 54,000. ಉಳಿದ ಎರಡು ಪುಟ ಗಂಟೆಗಳ ಪುರಾಣ. ಎಷ್ಟು ಬರೆದರೂ ಒಂದು ಪೈಸೆ ಬದಲಾಗದ ಮೊತ್ತಕ್ಕೆ ಇಷ್ಟು ವಿವರಣೆ ಯಾಕೆ ಎಂದು ನಗುವವರು ನಗಲಿ. ಆದರೆ ಆ ಇ-ಮೇಲಿನಲ್ಲಿ ನಿಜವಾಗಿ ದುಡ್ಡಿರುವುದು ಮೊತ್ತದ ಸಾಲಿನಲ್ಲಲ್ಲ, ಉಳಿದ ಗಂಟೆಗಳ ಬಗ್ಗೆ ಕೊನೆಯಲ್ಲಿ ತೂರಿಸಿದ ಒಂದು ವಾಕ್ಯದಲ್ಲಿ ಎಂಬುದು ನನ್ನ ವಾದ.

ಮೊದಲು ರಾಯರ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡೋಣ. ‘ಹದಿನೈದೇ ಗಂಟೆ ಕೆಲಸ ಮಾಡಿದ್ದೀರಿ ಮಾರಾಯ್ರೆ, ಐದು ಗಂಟೆಯ ದುಡ್ಡು ವಾಪಸ್ ಕೊಡಿ’ ಎಂದು ಶೆಟ್ಟರು ಕೇಳಿದರೆ ಅದು ನ್ಯಾಯವಲ್ಲ. ಅವರದೇ ಹೋಟೆಲಿನಲ್ಲಿ ತಿಂಗಳ ಊಟದ ಪಾಸ್ ಕೊಂಡ ಗಿರಾಕಿ ನಾಲ್ಕು ದಿನ ಊರಿಗೆ ಹೋದರೆ ಅವರು ಹಣ ಮರಳಿಸುತ್ತಾರೆಯೇ? ಕರೆದಾಗ ಸಿಗುವುದಕ್ಕೇ ನಿಗದಿತ ಶುಲ್ಕ. ಹಾಗಾದರೆ ಗಂಟೆ ಎಣಿಸುವುದೇ ಬೇಡವಲ್ಲ ಎನ್ನುವ ಜಾಣರಿಗೂ ಉತ್ತರವಿದೆ: ಎಣಿಸದಿದ್ದರೆ ಇಪ್ಪತ್ತು ಯಾವಾಗ ಮೀರಿತು ಎಂಬುದಕ್ಕೆ ರಾಯರ ಬಾಯಿಮಾತೇ ದಾಖಲೆಯಾಗುತ್ತದೆ. ಆದರೆ ಎಣಿಕೆಯಲ್ಲಿ ರಾಯರ ಕೈ ತುಸು ಉದಾರ. ಕಾಲು ಗಂಟೆಗಿಂತ ಕಡಿಮೆಯ ಅಳತೆ ಅವರಲ್ಲಿಲ್ಲ. ನಾಲ್ಕು ನಿಮಿಷದ ಫೋನೂ ಕಾಲು ಗಂಟೆ, ಗೋಕುಲ ಸಭಾಂಗಣದ ಕಾರ್ಯಕ್ರಮ ಮುಗಿಸಿ ಮೆಟ್ಟಿಲಿಳಿಯುವಾಗ ಶೆಟ್ಟರು ಕೇಳಿದ ‘ಒಂದು ಸಣ್ಣ ಡೌಟು’ ಕೂಡ ಕಾಲು ಗಂಟೆ. 2024ರ ಆಗಸ್ಟಿನಲ್ಲಿ ಸಯನ್‌ನ ಹಳೆಯ ರೈಲ್ವೆ ಮೇಲ್ಸೇತುವೆ ಕೆಡವಲೆಂದು ವಾಹನಗಳಿಗೆ ಮುಚ್ಚಿದ ಮೇಲಂತೂ ಪೂರ್ವದಿಂದ ಪಶ್ಚಿಮಕ್ಕೆ ಸುತ್ತಿಕೊಂಡು ಹೋದ ಸಮಯ ಯಾರ ಲೆಕ್ಕಕ್ಕೆ ಎಂಬ ಹೊಸ ಪ್ರಶ್ನೆ ಹುಟ್ಟಿರಬೇಕು. ಕರಾರಿನಲ್ಲಿ ಪ್ರಯಾಣದ ಮಾತಿಲ್ಲದಿದ್ದರೆ ಅದು ‘ಸ್ಥಳ ಪರಿಶೀಲನೆ’ಯ ಹೊಟ್ಟೆಯೊಳಗೆ ಸೇರಿಕೊಳ್ಳುತ್ತದೆ. ಪಟ್ಟಿಯಲ್ಲಿ ದಿನಾಂಕ, ಕೆಲಸ, ಅವಧಿ ಮೂರೂ ಬೇರೆ ಬೇರೆ ಕಾಣದೆ ಬರೀ ‘ಇತರೆ ಸಮಾಲೋಚನೆ 4 ಗಂಟೆ’ ಎಂದಿದ್ದರೆ ಅಲ್ಲಿ ಕೇಳಬೇಕು.

ಇನ್ನು ಆ ವಾಕ್ಯ: ‘ಉಳಿದ ಗಂಟೆಗಳನ್ನು ಮುಂದಿನ ಒಂದು ತಿಂಗಳಿಗೆ ಕ್ಯಾರಿ ಫಾರ್ವರ್ಡ್ ಮಾಡಲಾಗಿದೆ.’ ಓದಿದವರಿಗೆ ರಾಯರು ದಾನಶೂರ ಕರ್ಣನಂತೆ ಕಾಣುತ್ತಾರೆ. ಅದರಲ್ಲಿ ಹೇಳದೆ ಬಿಟ್ಟದ್ದು ಒಂದೇ, ಮುಂದಿನ ತಿಂಗಳು ಮೊದಲು ಖರ್ಚಾಗುವುದು ಹಳೆಯ ಗಂಟೆಯೋ ಹೊಸದೋ ಎಂಬುದು. ಲೆಕ್ಕ ಹಾಕಿ ನೋಡಿ. ಏಪ್ರಿಲ್‌ನಲ್ಲಿ 15 ಗಂಟೆ ಬಳಕೆಯಾಗಿ 5 ಉಳಿಯಿತು. ಮೇನಲ್ಲಿ 18 ಗಂಟೆ ಬೇಕಾಯಿತು. ಹಳೆಯದು ಮೊದಲು ಎಂದರೆ ಆ 5 ಮುಗಿದು ಹೊಸದರಲ್ಲಿ 13 ಖರ್ಚಾಗಿ, 7 ಗಂಟೆ ಜೂನ್‌ಗೆ ದಾಟುತ್ತದೆ. ಹೊಸದು ಮೊದಲು ಎಂದರೆ ಹೊಸ ಇಪ್ಪತ್ತರಲ್ಲೇ 18 ಕಳೆದು 2 ಉಳಿಯುತ್ತದೆ. ಏಪ್ರಿಲ್‌ನ 5 ಯಾರೂ ಮುಟ್ಟದೆ ಅವಧಿ ತೀರಿ ಸತ್ತುಹೋಗುತ್ತದೆ. ಜೂನ್‌ನಲ್ಲಿ ಪರವಾನಗಿ ನವೀಕರಣದ ಗದ್ದಲದಲ್ಲಿ 25 ಗಂಟೆ ಆಯಿತೆನ್ನಿ. ಮೊದಲ ಕ್ರಮದಲ್ಲಿ ಶೆಟ್ಟರ ಕೈಯಲ್ಲಿ 27 ಗಂಟೆ ಇರುವುದರಿಂದ ಹೆಚ್ಚುವರಿ ಸೊನ್ನೆ. ಎರಡನೆಯದರಲ್ಲಿ ಇರುವುದು 22, ಮೀರಿದ್ದು 3, ಅಂದರೆ 9,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ 1,620. ಶೇ. 5ರ ದರದಲ್ಲಿ ತೆರಿಗೆ ಕಟ್ಟುವ ಹೋಟೆಲಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲವಾದ್ದರಿಂದ ಆ 1,620 ಕೂಡ ಶೆಟ್ಟರ ಗಲ್ಲಾಪೆಟ್ಟಿಗೆಯಿಂದಲೇ ಹೋಗಬೇಕು.

ಇದು ಮೋಸವೇ ಎಂದರೆ ನಾನು ಹೌದೆನ್ನಲಾರೆ. ಉಳಿಕೆ ಗಂಟೆ ಪೂರ್ತಿ ಬೇಡ ಎನ್ನುವ ಕರಾರೂ ಕರಾರೇ, ಮತ್ತು ಉಳಿಕೆಗಳೆಲ್ಲ ಒಂದೇ ತಿಂಗಳಲ್ಲಿ ಬಂದು ಕುತ್ತಿಗೆಗೆ ಕುಳಿತರೆ ರಾಯರು ಬೇರೆ ಗಿರಾಕಿಗಳಿಗೆ ಏನು ಉತ್ತರ ಕೊಡಬೇಕು? ತಕರಾರಿರುವುದು ಅವರ ಮೌನದ ಬಗ್ಗೆ. ಎರಡು ಪುಟದಲ್ಲಿ ಹನ್ನೊಂದು ಫೋನ್ ಕರೆಗಳ ವಿವರ ಕೊಡುವವರು ‘ಹಳೆಯ ಗಂಟೆ ಮೊದಲು ಬಳಕೆಯಾಗುತ್ತದೆ’ ಎಂಬ ನಾಲ್ಕು ಪದ ಬರೆಯಲು ಪುರಸೊತ್ತಿಲ್ಲದವರಲ್ಲ. ಆರಂಭದ ಉಳಿಕೆ, ಈ ತಿಂಗಳ ಬಳಕೆ, ಅವಧಿ ತೀರಿದ್ದು, ಮುಂದಕ್ಕೆ ಹೋದದ್ದು ಎಂದು ನಾಲ್ಕು ಸಂಖ್ಯೆ ಬರೆದರೆ ಸಾಕು, ಕ್ರಮ ತಾನಾಗಿ ಬಯಲಾಗುತ್ತದೆ. ಮೇ ತಿಂಗಳ ಲೆಕ್ಕದ ಇ-ಮೇಲಿನಲ್ಲಿ ‘ಅವಧಿ ತೀರಿದ್ದು: 5’ ಎಂದು ಕಂಡ ಶೆಟ್ಟರು ಜಗಳ ಆಡುವುದು ಜೂನ್ ಒಂದರಂದೇ, ಜೂನ್ ಬಿಲ್ ಬರುವ ತನಕ ಕಾಯಬೇಕಿಲ್ಲ. ಆ ಜಗಳಕ್ಕೆ ಹಿಡಿದ ಸಮಯವನ್ನು ರಾಯರು ಯಾವ ತಲೆಬರಹದಡಿ ಬರೆದುಕೊಳ್ಳುತ್ತಾರೆ ಎಂಬುದನ್ನು ಮಾತ್ರ ಕರಾರಿಗೆ ಸಹಿ ಹಾಕುವ ಮೊದಲೇ ಕೇಳಿಟ್ಟುಕೊಳ್ಳಬೇಕು.