ಯೇವಲಾ ದಾಟುವಾಗ ಬೆಳೆದ ಬಿಲ್ಲು

ನಾಶಿಕದ ಅಂಬಡ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ನಾನು ಖರೀದಿ ಅಧಿಕಾರಿ. ಊರು ಧಾರವಾಡ. ಇಷ್ಟು ವರ್ಷಗಳಲ್ಲಿ ಎಲ್ಲ ಬಗೆಯ ವ್ಯಾಪಾರಿಗಳ ಕೈಯಿಂದ ಚಹಾ ಕುಡಿದಿದ್ದೇನೆ. ಮಾಲು ತಡಮಾಡುವವರಿದ್ದಾರೆ, ಫೋನೇ ಎತ್ತದವರಿದ್ದಾರೆ. ಅವರನ್ನೆಲ್ಲ ಕ್ಷಮಿಸಬಹುದು. ನನ್ನ ತಲೆಗೂದಲು ಉದುರಿಸಿದ ಜಾತಿ ಬೇರೆ: ಕೊಟೇಶನ್ನಿನಲ್ಲಿ ಒಂದು ದರ, ಬಿಲ್ಲಿನಲ್ಲಿ ಇನ್ನೊಂದು ದರ ಹಾಕುವವರು. ಇವರಿಗೆ ಕೊಟೇಶನ್ ಎಂದರೆ ಹೆಣ್ಣು ನೋಡುವ ಶಾಸ್ತ್ರದ ದಿನದ ಮಾತು. ಆ ದಿನ ಯಾರಾದರೂ ಕೆಟ್ಟದ್ದು ಆಡುತ್ತಾರೆಯೇ?

ನನ್ನ ಪಾಲಿಗೆ ಬಂದವರು ಛತ್ರಪತಿ ಸಂಭಾಜಿನಗರದ ವಾಳೂಜಿನ ಒಬ್ಬ ಶೇಠರು. ತಗಡು ಬಗ್ಗಿಸಿ ಕಾರ್ಖಾನೆಗಳಿಗೆ ಬೇಕಾದ ಬಿನ್ನು, ಟ್ರಾಲಿ ಮಾಡಿಕೊಡುವವರು. ಬಿಳಿ ಸಫಾರಿ, ಹಣೆಗೆ ಅಷ್ಟಗಂಧ, ಅಂಗಿಯ ಕಿಸೆಯಲ್ಲಿ ಮೂರು ಪೆನ್ನು, ಬರೆಯುವಾಗ ಮಾತ್ರ ನನ್ನ ಪೆನ್ನು. ದೀಪಾವಳಿಗೆ ತಪ್ಪದೆ ಇಮರ್ತಿಯ ಡಬ್ಬಿ ತರುತ್ತಾರೆ. ನನ್ನ ಮಗಳ ಪರೀಕ್ಷೆಯ ತಾರೀಖು ನನಗಿಂತ ಅವರಿಗೇ ಚೆನ್ನಾಗಿ ನೆನಪಿರುತ್ತದೆ. ನೆನಪಿರದಿರುವುದು ತಾವು ಹೇಳಿದ ದರ ಒಂದೇ.

ಹೋದ ವರ್ಷ 50 ಬಿನ್ನುಗಳಿಗೆ ಅವರಿಂದ ಕೊಟೇಶನ್ ತರಿಸಿದೆ. ಒಂದಕ್ಕೆ 2,400 ರೂಪಾಯಿ, ನಾಶಿಕದ ನಮ್ಮ ಗೇಟಿಗೆ ಮುಟ್ಟಿಸಿ. ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ನನ್ನ ಲೆಕ್ಕಕ್ಕೆ ಒಟ್ಟು 1,41,600. ಪಿಓ ಹೋಯಿತು, ವಾಟ್ಸಾಪ್‌ನಲ್ಲಿ 'ಓಕೆ ಸಾಹೇಬ್' ಎಂದು ಕೈ ಮುಗಿದ ಚಿತ್ರದೊಂದಿಗೆ ಉತ್ತರ ಬಂತು. ಮೂರು ವಾರಕ್ಕೆ ಮಾಲೂ ಬಂತು, ಒಂದು ಬಿನ್ನೂ ಸೊಟ್ಟ ಇರಲಿಲ್ಲ. ಸೊಟ್ಟ ಇದ್ದದ್ದು ಬಿಲ್ಲು: 1,55,784.

ವಾಳೂಜಿನಲ್ಲಿ ಸಾದಾ ಸೀರೆಯಲ್ಲಿ ಹೊರಟ ಬಿಲ್ಲು ಯೇವಲಾ ದಾಟುವಾಗ ಪೈಠಣಿ ಉಟ್ಟುಕೊಂಡು ಬಂದಿತ್ತು.

ಫೋನು ಮಾಡಿದೆ. "ಶೇಠಜಿ, ಇದೇನಿದು?"

"ಸಾಹೇಬ್, ನಮ್ಮ ಊರಿನ ಹೆಸರೇ ಬದಲಾಗಿದೆ. ಒಂದು ರೇಟು ಬದಲಾಗಬಾರದೇ?"

ನಗು ಬಂತು. ನಗು ಬಂದದ್ದೇ ನನ್ನ ಮೊದಲ ಸೋಲು. ಇಂಥವರೊಂದಿಗೆ ಒಟ್ಟು ಮೊತ್ತದ ಮೇಲೆ ಜಗಳಕ್ಕೆ ನಿಂತರೆ ಕೊನೆಗೆ 'ಅರ್ಧ ನಿಮಗೆ, ಅರ್ಧ ನನಗೆ' ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅದಕ್ಕೇ ಬಿಲ್ಲನ್ನು ಸಾಲು ಸಾಲಾಗಿ ಬಿಡಿಸಿದೆ. ಹೆಚ್ಚಾದದ್ದು ಮೂರು ಕಡೆ. ದರ 2,520 ಆಗಿತ್ತು, ಅಲ್ಲಿಗೆ 6,000. ಲಾರಿ ಬಾಡಿಗೆ ಎಂದು 3,500. ಪ್ಯಾಕಿಂಗ್ ಎಂದು ಎರಡು ಪರ್ಸೆಂಟ್, ಅಂದರೆ 2,520. ಇವುಗಳ ಮೇಲಿನ ತೆರಿಗೆ ಬೇರೆ.

ಮರುವಾರ ಶೇಠರೇ ನಾಶಿಕಕ್ಕೆ ಬಂದರು. ಗೇಟಿನಾಚೆಯ ಮಿಸಳ್ ಅಂಗಡಿಯಲ್ಲಿ ಕೂತೆವು. ಕಣ್ಣಲ್ಲಿ ನೀರು ತರಿಸುವ ಆ ರಸ್ಸಾದ ಮುಂದೆ ಯಾರು ಲೆಕ್ಕಕ್ಕೆ ಅಳುತ್ತಿದ್ದಾರೆ, ಯಾರು ಖಾರಕ್ಕೆ ಎಂದು ಗೊತ್ತಾಗುವುದಿಲ್ಲ. ಅವರು ಕಿಸೆಯಿಂದ ತಮ್ಮ ಕೊಟೇಶನ್ ತೆಗೆದು ಕೆಳಗಿನ ಸಣ್ಣಕ್ಷರದ ಮೇಲೆ ಬೆರಳಿಟ್ಟರು. ದರದ ಅವಧಿ 15 ದಿನ. ಪ್ಯಾಕಿಂಗ್ ಎರಡು ಪರ್ಸೆಂಟ್ ಪ್ರತ್ಯೇಕ. ನಮ್ಮ ಪಿಓ ಹೋದದ್ದು 19ನೇ ದಿನ. ಅದರಲ್ಲಿ 'ಉಳಿದ ಷರತ್ತು ಕೊಟೇಶನ್ನಿನಂತೆ' ಎಂದು ಬರೆದವನು ನಾನೇ. ಕನ್ನಡಕ ಒರೆಸಿಕೊಂಡೆ.

ಪ್ಯಾಕಿಂಗ್ ಒಪ್ಪಿದೆ. ಬರೆದದ್ದನ್ನು ಓದದಿದ್ದರೆ ತಪ್ಪು ಬರೆದವರದಲ್ಲ. ಆದರೆ ದರ ಬಿಡಲಿಲ್ಲ. ಕೊಟೇಶನ್ ನಾಲ್ಕು ದಿನದ ಹಿಂದೆಯೇ ಸತ್ತಿದ್ದರೆ ಸಾಯಲಿ, ಆಗ ನಮ್ಮ ಪಿಓನೇ ಹೊಸ ಪ್ರಸ್ತಾಪ. ಅದರಲ್ಲಿ 2,400 ಎಂದು ಸ್ಪಷ್ಟವಾಗಿತ್ತು, ಅದಕ್ಕೆ ಇವರು ಕೈ ಮುಗಿದು ಓಕೆ ಎಂದರು, ಮಾಲೂ ಕಳಿಸಿದರು. 1872ರ ಕರಾರು ಕಾಯ್ದೆಗೆ ಇಷ್ಟು ಸಾಕು. ದರ ಏರಿದ್ದರೆ ಪಿಓ ಕೈಗೆ ಬಂದ ದಿನ ಹೇಳಬೇಕಿತ್ತು. ಬಾಡಿಗೆಯಂತೂ ಮಾತೇ ಇಲ್ಲ, ಗೇಟಿಗೆ ಮುಟ್ಟಿಸಿ ಎಂದು ಅವರೇ ಬರೆದಿದ್ದರು.

ಶೇಠರು ಕೊನೆಯ ಅಸ್ತ್ರ ತೆಗೆದರು. "ಪಂಢರಪುರದ ವಿಠ್ಠಲನೂ ಕಾನಡಿ, ನೀವೂ ಕಾನಡಿ. ದೇವರು ಭಕ್ತನ ಲೆಕ್ಕ ಕೇಳುತ್ತಾನೆಯೇ?"

"ವಿಠ್ಠಲ 28 ಯುಗ ಇಟ್ಟಿಗೆಯ ಮೇಲೆ ನಿಂತ ಶೇಠಜಿ. ನಿಮ್ಮಂಥ ಸಣ್ಣ ಉದ್ದಿಮೆಯವರಿಗೆ ನಾನು 45 ದಿನದೊಳಗೆ ದುಡ್ಡು ಕೊಡಬೇಕು. ಅಷ್ಟರಲ್ಲಿ ಲೆಕ್ಕ ಮುಗಿಯಲಿ."

"ಹಾಗಾದರೆ ಹೆಚ್ಚಿನದನ್ನು ಹಿಡಿದುಕೊಂಡು ಉಳಿದದ್ದು ಕೊಟ್ಟುಬಿಡಿ," ಎಂದರು, ತ್ಯಾಗಿಯ ಮುಖ ಮಾಡಿ.

ಎಷ್ಟೋ ಕಡೆ ಜಗಳ ಮುಗಿಯುವುದೂ ಹೀಗೆಯೇ, ಮತ್ತೆ ಮೊಳೆಯುವುದೂ ಇಲ್ಲಿಂದಲೇ. ಅವರ ಜಿಎಸ್‌ಟಿಆರ್-1ರಲ್ಲಿ ಪೂರ್ತಿ ಬಿಲ್ಲು ಏರಿರುತ್ತದೆ. ನಾವು ಪೂರ್ತಿ ತೆರಿಗೆಯ ಕ್ರೆಡಿಟ್ ತೆಗೆದುಕೊಂಡು 180 ದಿನದೊಳಗೆ ಪೂರ್ತಿ ದುಡ್ಡು ಕೊಡದಿದ್ದರೆ, ಕೊಡದ ಪಾಲಿನ ಕ್ರೆಡಿಟ್ ವಾಪಸು ಕಟ್ಟಬೇಕು, ಬಡ್ಡಿ ಸಮೇತ. ನಾವು ಡೆಬಿಟ್ ನೋಟ್ ಹರಿದುಕೊಟ್ಟರೆ ನಮ್ಮ ಪುಸ್ತಕ ಸರಿಹೋದೀತು, ಅವರ ತೆರಿಗೆ ಇಳಿಯುವುದಿಲ್ಲ. ಬಿಲ್ಲು ಕೊಟ್ಟವರೇ ಕ್ರೆಡಿಟ್ ನೋಟ್ ಕೊಡಬೇಕು. ಇದನ್ನೆಲ್ಲ ಹೇಳಿದೆ. ಶೇಠರು ಪಾವು ಮುರಿಯುತ್ತಲೇ ಇದ್ದರು. ಕೊನೆಗೆ ಕೇಳಿದೆ, "ನಿಮಗೆ ಬಾರದ ದುಡ್ಡಿಗೆ ನೀವೇಕೆ 1,700 ರೂಪಾಯಿ ತೆರಿಗೆ ಕಟ್ಟುತ್ತೀರಿ?"

ಪಾವು ಕೈಯಲ್ಲೇ ನಿಂತಿತು. ಕಾಯ್ದೆಗೆ ಬಗ್ಗದ ಮನುಷ್ಯ ಅಷ್ಟಕ್ಕೆ ಬಗ್ಗಿದ. ನನ್ನ ಪೆನ್ನು ತೆಗೆದುಕೊಂಡು ಲೆಕ್ಕ ಹಾಕತೊಡಗಿದರು: ದರದ 6,000, ಬಾಡಿಗೆ 3,500. ನಾನು ತಡೆದೆ. ದರ ಇಳಿದರೆ ಪ್ಯಾಕಿಂಗಿನ ಎರಡು ಪರ್ಸೆಂಟೂ ಇಳಿಯಬೇಕು, ಇನ್ನೂ 120 ರೂಪಾಯಿ. ಅವರು ನನ್ನನ್ನು ನೋಡಿದ ನೋಟ ಇವತ್ತಿಗೂ ಚುಚ್ಚುತ್ತದೆ. ಆ ಮಿಸಳಿನ ಬಿಲ್ಲು ಅವರೇ ಕೊಟ್ಟಿದ್ದರು. ಅಂತೂ ತೆರಿಗೆ ಸೇರಿ 11,352ರ ಕ್ರೆಡಿಟ್ ನೋಟ್ ಬಂತು. ಮುಂದಿನ ತಿಂಗಳು 14ನೇ ತಾರೀಖಿಗೆ ನಮ್ಮ 2ಬಿಯಲ್ಲೂ ಕಾಣಿಸಿತು. 1,44,432 ಪಾವತಿಯಾಯಿತು. ಗೆದ್ದೆ ಎಂದುಕೊಂಡೆ.

ಆಮೇಲೊಮ್ಮೆ ವಾಳೂಜಿಗೆ ಹೋದಾಗ ಅವರ ಶೆಡ್ ನೋಡಿದೆ. ಎರಡು ಪ್ರೆಸ್ಸು, ಒಂದು ವೆಲ್ಡಿಂಗ್ ಮಶೀನು, ಆರು ಜನ. ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ತಗಡಿನ ದಿನದಿನದ ದರ ಪೆನ್ಸಿಲಿನಲ್ಲಿ ಬರೆದಿತ್ತು. ನಮ್ಮ ಪಿಓ ಬಂದ ವಾರ ಅದು ನಿಜಕ್ಕೂ ಏರಿತ್ತು.

"ಅವತ್ತೇ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ಆರ್ಡರು ಪಕ್ಕದ ಶೆಡ್ಡಿಗೆ ಹೋಗುತ್ತಿತ್ತು ಸಾಹೇಬ್."

ಹೋಗುತ್ತಿತ್ತೇ? ಹೋಗುತ್ತಿತ್ತು. ಕಳಿಸುವವನು ನಾನೇ. ಅಷ್ಟರಲ್ಲಿ ಅವರು ನನ್ನ ಮಗಳ ರಿಸಲ್ಟು ಕೇಳಿದರು. ಈ ಸಲವೂ ತಾರೀಖು ನನಗೆ ನೆನಪಿರಲಿಲ್ಲ.

ದರ ಏರುವುದು ತಪ್ಪಲ್ಲ. ಏರಿದ್ದನ್ನು ಲಾರಿ ಹೊರಡುವ ಮುಂಚೆ ಬಾಯಿಬಿಟ್ಟು ಹೇಳಬೇಕು, ಕೇಳಿಸಿಕೊಳ್ಳುವವನಿಗೂ ಕಿವಿ ಇರಬೇಕು. ಬಿಲ್ಲಿನಲ್ಲಿ ಮೊದಲ ಸಲ ಹೇಳಿದ ಮಾತು ನಿಜವಾಗಿದ್ದರೂ ಮೋಸದಂತೆಯೇ ಕಾಣುತ್ತದೆ.

ಮೊನ್ನೆ ಇನ್ನೊಂದು ಕೊಟೇಶನ್ ಬಂತು. ಅವಧಿ 7 ದಿನ, ಪ್ಯಾಕಿಂಗ್ ಎರಡು ಪರ್ಸೆಂಟ್ ದಪ್ಪಕ್ಷರದಲ್ಲಿ, ದರ 2,560. ನಾನು ಕೊನೆಯ ಸಾಲಿನ ತನಕ ಓದಿ, ಆರನೆಯ ದಿನ ಪಿಓ ಕಳಿಸಿದೆ.