ಯಾರೂ ಮಾಡದ ತಪ್ಪು

ಗುಮಾಸ್ತರಲ್ಲಿ ಒಂದು ದುರ್ಗುಣವಿದೆ. ಲೆಕ್ಕ ತಾಳೆಯಾಗದಿದ್ದರೆ ಅವರು ಯಾರನ್ನಾದರೂ ಕೇಳುತ್ತಾರೆ. ಆಸ್ಟ್ರೇಲಿಯಾದ ಭತ್ಯೆ ಇಲಾಖೆಯಲ್ಲೂ ಹಾಗೇ ನಡೆಯುತ್ತಿತ್ತು. ನಿರುದ್ಯೋಗ ಭತ್ಯೆ ಪಡೆದವನು ತಾನು ಹೇಳಿದ್ದಕ್ಕಿಂತ ಹೆಚ್ಚು ದುಡಿದಿದ್ದಾನೆಂದು ತೆರಿಗೆ ಇಲಾಖೆಯ ಕಡತ ತೋರಿಸಿದರೆ, ಗುಮಾಸ್ತರು ಮಾಲೀಕರಿಗೆ ಬರೆದು, ಸಂಬಳದ ವಿವರ ತರಿಸಿ, ಆಮೇಲೆ ನೋಟಿಸು ಕಳಿಸುತ್ತಿದ್ದರು. ಇದರಿಂದ ವರ್ಷಕ್ಕೆ 20,000 ಪ್ರಕರಣ ಮುಗಿದರೆ ಹೆಚ್ಚು. 2016ರಲ್ಲಿ ಸರ್ಕಾರ ಈ ಸೋಮಾರಿತನಕ್ಕೆ ಮದ್ದು ಕಂಡುಹಿಡಿಯಿತು. ಕೇಳುವ ಕೆಲಸವನ್ನೇ ತೆಗೆದು, ಉಳಿದದ್ದನ್ನು ಕಂಪ್ಯೂಟರಿಗೆ ಒಪ್ಪಿಸಿತು. ವರ್ಷಕ್ಕೆ 20,000 ಇದ್ದದ್ದು ವಾರಕ್ಕೆ 20,000 ಆಯಿತು. ಜನ ಇದನ್ನು ‘ರೋಬೋಡೆಟ್’ ಎಂದು ಕರೆದರು.

ಹೆಸರು ಕೇಳಿ ಯಾವುದೋ ಮಹಾ ಬುದ್ಧಿವಂತ ಯಂತ್ರವೆಂದು ಹೆದರಬೇಡಿ. ಅದಕ್ಕೆ ಬರುತ್ತಿದ್ದದ್ದು ನಾಲ್ಕನೇ ಕ್ಲಾಸಿನ ಭಾಗಾಕಾರ ಮಾತ್ರ. ಅಲ್ಲಿ ಭತ್ಯೆಯನ್ನು ಎರಡು ವಾರಕ್ಕೊಮ್ಮೆ ಕೊಡುತ್ತಾರೆ. ಆ ಎರಡು ವಾರದಲ್ಲಿ ನಿಜವಾಗಿ ಎಷ್ಟು ದುಡಿದಿರಿ ಎಂಬುದರ ಮೇಲೆ ಮೊತ್ತ ನಿಗದಿಯಾಗಬೇಕೆಂದು ಕಾನೂನು ಹೇಳುತ್ತದೆ. ತೆರಿಗೆ ಇಲಾಖೆಗೆ ಗೊತ್ತಿರುವುದು ಮಾಲೀಕ ಬರೆದುಕೊಟ್ಟ ಒಟ್ಟು ಸಂಬಳ. ಕಂಪ್ಯೂಟರ್ ಆ ಒಟ್ಟನ್ನು ಸಮನಾಗಿ ಹಂಚಿತು. ವರ್ಷವಿಡೀ ಹೆಸರು ಹಾಜರಿಯಲ್ಲಿದ್ದರೆ, 26 ಪಾಲು.

ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಹೋಟೆಲಿನಲ್ಲಿ ದಿನಗೂಲಿ. ಮೊದಲ ಆರು ತಿಂಗಳು ಕೈತುಂಬ ಕೆಲಸ. ಎರಡು ವಾರಕ್ಕೆ 2,000 ಡಾಲರಿನಂತೆ 13 ಸಲ ಸಂಬಳ, ಒಟ್ಟು 26,000. ಆಮೇಲೆ ಗಿರಾಕಿಗಳಿಲ್ಲ, ಕೆಲಸವಿಲ್ಲ, ಹೆಸರು ಮಾತ್ರ ಪುಸ್ತಕದಲ್ಲಿ. ಉಳಿದ ಆರು ತಿಂಗಳು ಭತ್ಯೆ ಪಡೆದಳು. ಪ್ರತಿ ಸಲವೂ ‘ಆದಾಯ ಸೊನ್ನೆ’ ಎಂದು ಪ್ರಾಮಾಣಿಕವಾಗಿ ಬರೆದಳು. ಕಂಪ್ಯೂಟರ್ 26,000ವನ್ನು 26ರಿಂದ ಭಾಗಿಸಿತು, ತಲಾ 1,000 ಬಂತು. ಅಂದರೆ ಕೆಲಸವಿಲ್ಲದ ಪ್ರತಿ ಎರಡು ವಾರದಲ್ಲೂ ಇವಳು 1,000 ಡಾಲರ್ ದುಡಿದು ಮುಚ್ಚಿಟ್ಟಿದ್ದಾಳೆ! ಪಡೆದ ಭತ್ಯೆಯ ಬಹುಪಾಲು ಸಾಲವಾಯಿತು. ಅದರ ಮೇಲೆ ಹತ್ತು ಪರ್ಸೆಂಟ್ ದಂಡವನ್ನೂ ಎಷ್ಟೋ ಜನರಿಗೆ ಹಾಕಲಾಯಿತು.

ಎತ್ತು ಈದಿದೆ ಎಂದರೆ ಕರುವನ್ನು ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ನಾವು ನೋಡಿದ್ದೇವೆ. ಇಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಎತ್ತು ಈಯಲಿಲ್ಲ ಎಂಬುದನ್ನು ನೀವೇ ರುಜುವಾತು ಮಾಡಿ, ಅದೂ ಐದಾರು ವರ್ಷದ ಹಿಂದಿನ ಸಂಬಳದ ಚೀಟಿಯ ಸಮೇತ. ಮುಚ್ಚಿಹೋದ ಹೋಟೆಲಿನ ಮಾಲೀಕನನ್ನು ಎಲ್ಲಿ ಹುಡುಕುವುದು? ಹಳೆಯ ವಿಳಾಸಕ್ಕೆ ಹೋದ ಪತ್ರಕ್ಕೆ ಉತ್ತರ ಬರಲಿಲ್ಲವೆಂದರೆ, ಮೌನವೇ ತಪ್ಪೊಪ್ಪಿಗೆ. ಮೊದಮೊದಲ ಪತ್ರಗಳಲ್ಲಿ ಇದಕ್ಕೆಂದೇ ಇಟ್ಟಿದ್ದ ಸಹಾಯವಾಣಿಯ ನಂಬರನ್ನೂ ಮುದ್ರಿಸಿರಲಿಲ್ಲ. ಯಾರಾದರೂ ಫೋನ್ ಮಾಡಿಬಿಟ್ಟರೆ ಕಷ್ಟ. ದಿಕ್ಕೆಟ್ಟವರು ಟ್ವಿಟರ್‌ನಲ್ಲಿ ಗೋಳಾಡಿದಾಗ ಇಲಾಖೆ 2017ರ ಜನವರಿಯಲ್ಲಿ ಆತ್ಮಹತ್ಯೆ ತಡೆಯುವ ಸಹಾಯವಾಣಿಯ ನಂಬರನ್ನು ಕೊಟ್ಟಿತು. ಲೆಕ್ಕ ಸರಿಪಡಿಸುವುದಕ್ಕಿಂತ ಅದು ಸುಲಭ. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಮುಂದೆ ವಿಚಾರಣಾ ಆಯೋಗದ ಎದುರು ಬಂದು ಸಾಕ್ಷಿ ಹೇಳಿದರು.

ಈಗ ಅಪರಾಧಿಯನ್ನು ಹಿಡಿಯೋಣ. ಸಚಿವರು ಹೇಳಿದರು: ನಾನು ನೀತಿ ಕೊಟ್ಟೆ, ಕಾನೂನು ಸರಿಯಿದೆಯೆಂದು ಅಧಿಕಾರಿಗಳು ಹೇಳಿದ್ದರು. ಅಧಿಕಾರಿಗಳು ಹೇಳಿದರು: ಸರ್ಕಾರಕ್ಕೆ ಇದು ಬೇಕಿತ್ತು. ಒಂದು ಇಲಾಖೆ ಹೇಳಿತು: ಕಾನೂನಿನ ಪ್ರಶ್ನೆ ಪಕ್ಕದ ಇಲಾಖೆಯದು. ಕೌಂಟರಿನಲ್ಲಿ ಕೂತವರು ಹೇಳಿದರು: ಸಿಸ್ಟಮ್ ಹೀಗೆ ತೋರಿಸ್ತಿದೆ, ನಾವೇನು ಮಾಡೋಣ? ಕೊನೆಗೆ ಉಳಿದದ್ದು ಭಾಗಾಕಾರದ ಚಿಹ್ನೆಯೊಂದೇ. ಅದನ್ನು ಕಟಕಟೆಗೆ ಹತ್ತಿಸಬೇಕಿತ್ತು.

ಆದರೆ ‘ಯಾರೂ ನಿರ್ಧರಿಸಲಿಲ್ಲ’ ಎಂಬ ಈ ಮುಗ್ಧ ಕಥೆಗೆ ಅಡ್ಡ ಬರುವ ಕಾಗದಗಳಿವೆ. ಹೀಗೆ ಸರಾಸರಿ ತೆಗೆದು ಸಾಲ ಹೊರಿಸುವುದು ಕಾನೂನಿಗೆ ಹೊಂದುವುದಿಲ್ಲವೆಂದು ಇಲಾಖೆಯದೇ ವಕೀಲರು 2014ರಲ್ಲೇ ಬರೆದಿದ್ದರು. ಸಂಪುಟದ ಮುಂದೆ ಹೋದ ಟಿಪ್ಪಣಿಯಲ್ಲಿ ಮಾತ್ರ ಕಾನೂನು ತಿದ್ದುವ ಅಗತ್ಯವಿಲ್ಲವೆಂದಿತ್ತು. 2018ರಲ್ಲಿ ಹೊರಗಿನ ವಕೀಲರ ಸಂಸ್ಥೆಯೂ ಅದೇ ಆಕ್ಷೇಪ ಎತ್ತಿತು. ಆ ಅಭಿಪ್ರಾಯ ಕರಡಾಗಿಯೇ ಉಳಿಯಿತು. ಕರಡಿಗೆ ಒಂದು ದೊಡ್ಡ ಗುಣವಿದೆ: ಅದನ್ನು ಓದಿಯೂ ಓದಿಲ್ಲವೆನ್ನಬಹುದು.

ಇನ್ನೂ ಸೊಗಸಾದ ಕಲೆ ಕೋರ್ಟಿನದು. ದಶಕಗಳಿಂದ ನ್ಯಾಯಮಂಡಳಿಯಲ್ಲಿದ್ದ ಪ್ರೊಫೆಸರ್ ಟೆರಿ ಕಾರ್ನಿ 2017ರಲ್ಲಿ ಒಂದಲ್ಲ, ಹಲವು ಪ್ರಕರಣಗಳಲ್ಲಿ ಈ ಸಾಲಕ್ಕೆ ಕಾನೂನಿನ ಆಧಾರವಿಲ್ಲವೆಂದರು. ಇಲಾಖೆ ಮೇಲ್ಮನವಿಗೆ ಹೋಗಲಿಲ್ಲ. ಹೋಗಿದ್ದರೆ ತೀರ್ಪು ಪ್ರಕಟವಾಗುತ್ತಿತ್ತು, ಊರಿಗೆಲ್ಲ ತಿಳಿಯುತ್ತಿತ್ತು. ಸೋತ ಪ್ರಕರಣಗಳಲ್ಲಿ ಸುಮ್ಮನೆ ಸೋತು, ಉಳಿದವರಿಗೆ ಪತ್ರ ಕಳಿಸುವುದು ಮುಂದುವರಿಯಿತು. ಅದೇ ವರ್ಷ ಕಾರ್ನಿಯವರ ಅವಧಿ ಮುಗಿಯಿತು, ಮರುನೇಮಕವಾಗಲಿಲ್ಲ. 2019ರಲ್ಲಿ ಫೆಡರಲ್ ಕೋರ್ಟಿನ ಮೆಟ್ಟಿಲು ಹತ್ತಿದವರೊಬ್ಬರ ಸಾಲವನ್ನು ಇಲಾಖೆ ಮತ್ತೆ ಲೆಕ್ಕಹಾಕಿ ಸೊನ್ನೆ ಮಾಡಿತು. ಸಾಲವೇ ಇಲ್ಲವೆಂದಮೇಲೆ ದಾವೆ ಏಕೆ? ಯಂತ್ರಕ್ಕೆ ಇಷ್ಟು ಜಾಣತನ ಬರುವುದಿಲ್ಲ. ಇದಕ್ಕೆ ಮನುಷ್ಯರೇ ಬೇಕು.

ಆ ವರ್ಷದ ನವೆಂಬರಿನಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ ಸರ್ಕಾರ ತಪ್ಪೊಪ್ಪಿಕೊಳ್ಳಲೇಬೇಕಾಯಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಸಾಲಗಳು ಅಕ್ರಮವೆಂದಾದವು. ವಾಪಸು ಕೊಟ್ಟದ್ದು, ರದ್ದು ಮಾಡಿದ್ದು, ಪರಿಹಾರ ಎಲ್ಲ ಸೇರಿ ರಾಜಿಯ ಮೊತ್ತ ಸುಮಾರು 180 ಕೋಟಿ ಆಸ್ಟ್ರೇಲಿಯನ್ ಡಾಲರ್. ಕ್ಯಾಥರೀನ್ ಹೋಮ್ಸ್ ಅವರ ರಾಯಲ್ ಕಮಿಷನ್ 2023ರ ಜುಲೈನಲ್ಲಿ ವರದಿ ಕೊಟ್ಟು, ಇದು ಒರಟು, ಕ್ರೂರ, ನ್ಯಾಯವೂ ಅಲ್ಲದ ಕಾನೂನೂ ಅಲ್ಲದ ವ್ಯವಸ್ಥೆಯೆಂದಿತು. ಯೋಜನೆ ತಂದಾಗ ಸಚಿವರಾಗಿದ್ದ ಸ್ಕಾಟ್ ಮಾರಿಸನ್, ಸಂಪುಟ ದಾರಿತಪ್ಪಲು ಬಿಟ್ಟರೆಂದೂ ಹೇಳಿತು. ಅವರು ಒಪ್ಪಲಿಲ್ಲ. ಅಷ್ಟರಲ್ಲಿ ಅವರು ಪ್ರಧಾನಿಯಾಗಿ ಇಳಿದೂ ಆಗಿತ್ತು.

2024ರಲ್ಲಿ ಇಲಾಖಾ ವಿಚಾರಣೆ ಮುಗಿದಾಗ 12 ಅಧಿಕಾರಿಗಳು ನಡತೆ ಸಂಹಿತೆಯನ್ನು 97 ಸಲ ಉಲ್ಲಂಘಿಸಿದ್ದರೆಂದು ತಿಳಿಯಿತು. ‘ಯಾರೂ ಅಲ್ಲ’ ಎಂಬವನಿಗೆ ಕೊನೆಗೂ 12 ತಲೆ ಮೂಡಿದವು. ಆದರೆ ಸೇವೆ ಬಿಟ್ಟು ಹೋಗಿದ್ದವರಿಗೆ ದಂಡ ಹಾಕುವ ಅವಕಾಶ ನಿಯಮದಲ್ಲಿರಲಿಲ್ಲ. ಬಡವರ ಐದು ವರ್ಷ ಹಳೆಯ ಲೆಕ್ಕ ಕೆದಕುವ ಅಧಿಕಾರವಿದ್ದ ಸರ್ಕಾರಕ್ಕೆ, ರಾಜೀನಾಮೆ ಕೊಟ್ಟ ಕಾರ್ಯದರ್ಶಿಯ ಹಳೆಯ ಲೆಕ್ಕ ಮುಟ್ಟುವ ದಾರಿ ಇರಲಿಲ್ಲ.

ಆದ್ದರಿಂದ ಯಂತ್ರ ಕೊಳ್ಳುವ ಎಲ್ಲ ಸರ್ಕಾರಗಳಿಗೂ ನನ್ನದೊಂದು ಅಗ್ಗದ ಸಲಹೆ. ಕಂಪ್ಯೂಟರ್ ಹೊರಡಿಸುವ ಪ್ರತಿ ನೋಟಿಸಿನ ಕೆಳಗೆ ಒಬ್ಬ ಅಧಿಕಾರಿಯ ಹೆಸರು, ಫೋನ್ ನಂಬರು, ಇದನ್ನು ನಿಲ್ಲಿಸುವ ಅಧಿಕಾರ ನನಗಿದೆ ಎಂಬ ಒಂದು ಸಾಲು ಅಚ್ಚಾಗಲಿ. ಸಾಫ್ಟ್‌ವೇರಿಗೆ ಇದು ಅರ್ಧ ದಿನದ ಕೆಲಸ. ಆದರೆ ಇಷ್ಟು ಮಾಡಿದರೆ ವಾರಕ್ಕೆ 20,000 ನೋಟಿಸು ಹೊರಡುವುದಿಲ್ಲ. ಸಹಿ ಹಾಕಬೇಕಾದವನು ಮೊದಲನೆಯದಕ್ಕೇ ಪೆನ್ನು ಕೆಳಗಿಟ್ಟು, ಮಾಲೀಕನಿಗೆ ಫೋನ್ ಮಾಡಿ ಕೇಳುತ್ತಾನೆ. ಸಲಹೆ ಎಲ್ಲೂ ಜಾರಿಗೆ ಬರದಿರುವುದಕ್ಕೆ ಕಾರಣವೂ ಅದೇ.